ಒಳಗೆ ಹೋಗಿ ಬಂದ ಪಂಜರ

ಸೊಳ್ಳೆಮನೆಯಲ್ಲಿ ಎಲ್ಲರೂ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಆಕೆಯ ಮೈದುನ. ಅವನೂ ಅದೇ ಸಂಸ್ಥೆಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಗಿಲಾಚೆ ನಿಂತು, "ಅತ್ತಿಗೇ, ಊಟದ ಡಬ್ಬಿ ಮರೆತು ಬಂದಿದ್ದೀರಿ!" ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದ್ದ. ವರ್ಷಗಟ್ಟಲೆ ಓದಿ ಸಂಪಾದಿಸಿದ ಡಾಕ್ಟರ್ ಪದವಿ ಆ ಒಂದು ಕೂಗಿಗೆ ಗಾಳಿಗೆ ಹಾರಿಹೋಯಿತು. ಈಗ ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರವರೆಗೆ ಆಕೆ ಅತ್ತಿಗೆಯೇ.

ಸೊಳ್ಳೆಮನೆಯೆಂದರೆ ಸಂಶೋಧನಾ ಸಂಸ್ಥೆ ಸೊಳ್ಳೆ ಸಾಕುವ ಜಾಗ, ಒಂದರೊಳಗೊಂದು ಕೋಣೆ. ಗೋಡೆ ಬಿಳಿ, ನೆಲ ಬಿಳಿ, ಹಾಕಿಕೊಳ್ಳುವ ಕೋಟೂ ಬಿಳಿ. ತಪ್ಪಿಸಿಕೊಂಡ ಸೊಳ್ಳೆ ಎಲ್ಲಿ ಕೂತರೂ ಕಣ್ಣಿಗೆ ಬೀಳಬೇಕಲ್ಲ! ಬಾಗಿಲು ತೆರೆದರೆ ಮೇಲಿನಿಂದ ಗಾಳಿ ರಭಸವಾಗಿ ಬೀಸಿ ಹಾರುವುದನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. ಹೊರಗಿನ ಕೋಣೆಯಲ್ಲಿ ಸಾಮಾನ್ಯ ಸೊಳ್ಳೆಗಳ ಪಂಜರ. ಎರಡು ಬಾಗಿಲು ದಾಟಿದ ಒಳಕೋಣೆಯಲ್ಲಿ ಜೀನ್ ಡ್ರೈವ್ ಸೊಳ್ಳೆಗಳು, ಅಂದರೆ ತಮ್ಮ ಜೀನನ್ನು ನುಗ್ಗಿಸಿಕೊಂಡು ಹೋಗುವಂತೆ ತಿದ್ದಿದ ಸೊಳ್ಳೆಗಳು. ಒಳಕೋಣೆಗೆ ಒಂದೇ ಕಟ್ಟಳೆ: ಅಲ್ಲಿಗೆ ಹೋದ ಯಾವುದೇ ಪಂಜರ ಜೀವಂತ ಹೊರಗೆ ಬರಬಾರದು, ಹೆಪ್ಪುಗಟ್ಟಿಸಿ ಕೊಂದ ಮೇಲೆಯೇ ಬರಬೇಕು. ಈ ಕಟ್ಟಳೆಯನ್ನು ಬರೆದವಳೂ ಅತ್ತಿಗೆಯೇ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಬೆಳಿಗ್ಗೆ ಆಕೆ ಹೊರಕೋಣೆಯ ಸಾಮಾನ್ಯ ಪಂಜರಕ್ಕೆ ರಕ್ತ ಇಟ್ಟಳು. ತೆಳುವಾದ ಪೊರೆಯ ಹಿಂದೆ ಬೆಚ್ಚಗಿನ ರಕ್ತ, ಮೈ ಸವರಿದಷ್ಟು ಹತ್ತಿರ ಮುತ್ತಿಕೊಳ್ಳುವ ಹೆಣ್ಣುಗಳು. ಕೆಲವು ವಾರಗಳಿಂದ ಮೊಟ್ಟೆ ಕಡಿಮೆಯಾಗುತ್ತಿತ್ತು. ರಕ್ತ ಹಳತಾಗಿದೆ ಎಂದು ಸಹಾಯಕಿಯರು ರಕ್ತವನ್ನೇ ಬೈದಿದ್ದರು. ಅತ್ತಿಗೆ ಬಗ್ಗಿ ನೋಡಿದಳು. ಒಂದು ಸೊಳ್ಳೆ ರಕ್ತದ ಕಡೆ ತಿರುಗಿಯೂ ನೋಡದೆ ಬಲೆಗೆ ಅಂಟಿ ಕೂತಿತ್ತು. ಮೈಕಟ್ಟು ಹೆಣ್ಣಿನದು, ಮುಖದ ಮೇಲೆ ಮಾತ್ರ ಗಂಡುಸೊಳ್ಳೆಗಿರುವಂಥ ಪೊದೆ ಮೀಸೆ.

ಅಂಥ ಮೀಸೆಯ ಹೆಣ್ಣನ್ನು ಆಕೆ ದಿನಾ ನೋಡುತ್ತಿದ್ದಳು, ಆದರೆ ಒಳಕೋಣೆಯಲ್ಲಿ. ಹೆಣ್ಣನ್ನು ಹೆಣ್ಣಾಗಿಸುವ ಒಂದು ಜೀನಿನೊಳಗೆ ಡ್ರೈವನ್ನು ಕೂರಿಸಿದ್ದರು. ಒಂದೇ ಪ್ರತಿ ಇದ್ದ ಹೆಣ್ಣಿಗೆ ಹೆಚ್ಚೇನೂ ಆಗುವುದಿಲ್ಲ. ತಾಯಿ ತಂದೆ ಇಬ್ಬರಿಂದಲೂ ಒಂದೊಂದು ಬಂದು ಎರಡಾದರೆ ಅದು ಕಚ್ಚಲಾರದು, ಮೊಟ್ಟೆ ಇಡಲಾರದು. ಗಂಡಿಗೆ ಮಾತ್ರ ಏನೂ ಆಗದು, ಅದು ಹಾಯಾಗಿ ಜೀನ್ ಹಂಚುತ್ತ ಓಡಾಡಿಕೊಂಡಿರುತ್ತದೆ.

ಆಕೆ ಪಂಜರದ ಮರಿಹುಳುಗಳ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹಸಿರು ಬೆಳಕು ಹಾಕಿದಳು. ಡ್ರೈವ್ ಎಲ್ಲಿ ಹೋಯಿತೆಂದು ತಿಳಿಯಲು ಅದರ ಜೊತೆಗೇ ಹೊಳೆಯುವ ಗುರುತೊಂದನ್ನು ಸೇರಿಸಿದ್ದರು. ಸಾಮಾನ್ಯ ಪಂಜರದ ಮರಿಗಳನ್ನು ಯಾರೂ ಈ ಬೆಳಕಿಗೆ ಹಿಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಯಾರಾದರೂ ಕಳ್ಳನನ್ನು ಹುಡುಕುತ್ತಾರೆಯೇ? ತಟ್ಟೆಯಲ್ಲಿ ಸುಮಾರು ಅರ್ಧದಷ್ಟು ಮರಿಗಳ ಕಣ್ಣು ಕೆಂಡದ ಹಾಗೆ ಕೆಂಪಗೆ ಹೊಳೆಯಿತು. ಅತ್ತಿಗೆ ಬೆಳಕು ಆರಿಸಿ ಸ್ಟೂಲಿನ ಮೇಲೆ ಕೂತಳು.

ಹೇಗೆ ಬಂತೆಂದು ಆಕೆ ಬಹಳ ಯೋಚಿಸಬೇಕಾಗಲಿಲ್ಲ. ಬೇಸಿಗೆಯಲ್ಲಿ ಹೊರಕೋಣೆಯ ಏಸಿ ಕೆಟ್ಟಿತ್ತು. ರಿಪೇರಿಯವನು ಬರುತ್ತೇನೆ ಬರುತ್ತೇನೆ ಎನ್ನುತ್ತ ಫೋನಿನಲ್ಲೇ ಕಾಲ ಕಳೆದ. ಪಂಜರದಲ್ಲಿದ್ದದ್ದು ನದಿ ದಂಡೆಯ ಬಡಾವಣೆಯ ಇಟ್ಟಿಗೆಗುಂಡಿಗಳಿಂದ ಮರಿ ತಂದು ಬೆಳೆಸಿದ ಸೊಳ್ಳೆ. ಅವುಗಳನ್ನು ಪಂಜರದಲ್ಲಿ ಕೂಡಲು ಒಪ್ಪಿಸುವುದಕ್ಕೇ ಒಂದು ವರ್ಷ ಹಿಡಿದಿತ್ತು. ಸೆಖೆಗೆ ಅವು ಪಟಪಟ ಉದುರತೊಡಗಿದಾಗ ಆಕೆ ಪಂಜರವನ್ನು ಎತ್ತಿ ತಂಪಾದ ಒಳಕೋಣೆಯಲ್ಲಿಟ್ಟಳು. ಏಸಿ ಸರಿಯಾದ ಮೇಲೆ, ಕೊಲ್ಲಲು ಮನಸ್ಸು ಬಾರದೆ, ಸುತ್ತಮುತ್ತ ಚೆನ್ನಾಗಿ ನೋಡಿ, ಬಲೆಗೆ ಬಟ್ಟೆ ಸುತ್ತಿ, ಮತ್ತೆ ಹೊರಗೆ ತಂದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪಂಜರದೊಳಗೆ ಕೈ ಹಾಕಲು ಹೊಲಿದ ಬಟ್ಟೆತೋಳಿನ ಮಡಿಕೆಯಲ್ಲಿ ಒಳಕೋಣೆಯ ಒಂದು ಗಂಡು ಕೂತು ಬಂದಿದ್ದರೂ ಸಾಕು.

ಬೇರೆ ಯಾವ ಜೀನಾದರೂ ಆಗಿದ್ದರೆ ಇದು ನಗುವ ವಿಷಯ. ಮುನ್ನೂರರಲ್ಲಿ ಒಂದು ಸೊಳ್ಳೆ ತಂದ ಜೀನು ಅದರ ಮಕ್ಕಳಲ್ಲಿ ಅರ್ಧಕ್ಕೆ ಮಾತ್ರ ಹೋಗುತ್ತದೆ. ಹಾಗಾಗಿ ಪಂಜರದಲ್ಲಿ ಅದರ ಪಾಲು ಇದ್ದಷ್ಟೇ ಇರುತ್ತದೆ, ಕೆಡುಕು ಮಾಡುವ ಜೀನಾದರೆ ಕಾಲಕ್ರಮೇಣ ಅಳಿದೂ ಹೋಗುತ್ತದೆ. ಇದು ಹಾಗಲ್ಲ. ಒಂದಿದ್ದದ್ದು ಮುಂದಿನ ತಲೆಮಾರಿಗೆ ಎರಡು, ಅದರ ಮುಂದೆ ನಾಲ್ಕು, ಎಂಟು. ಅತ್ತಿಗೆ ಹಿಂದಕ್ಕೆ ಎಣಿಸುತ್ತ ಹೋದಳು. ಸೊಳ್ಳೆಯ ತಲೆಮಾರೆಂದರೆ ಮೂರು ವಾರ. ಲೆಕ್ಕ ನೇರವಾಗಿ ಹೋಗಿ ಏಸಿ ಕೆಟ್ಟ ವಾರದಲ್ಲೇ ನಿಂತಿತು. ಪಂಜರವನ್ನು ಇಂದೇ ಕೊಂದರೆ ಮುಗಿಯುವುದಾಗಿದ್ದರೆ ಆಕೆ ಅಷ್ಟು ಹೊತ್ತು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿರಲಿಲ್ಲ.

ಮುಗಿಯದಂತೆ ಮಾಡಿದವನು ಮೈದುನ. ಬಡಾವಣೆಯವರಿಗೆ ಈ ಸೊಳ್ಳೆಯ ಬಗ್ಗೆ ತಿಳಿಸಿ ಹೇಳುವುದು ಅವನ ಕೆಲಸ. ನದಿ ದಂಡೆಯಲ್ಲಿ ವರ್ಷಾವರ್ಷ ಮಲೇರಿಯ. ತಿದ್ದಿದ ಸೊಳ್ಳೆ ಅಲ್ಲಿ ಹಬ್ಬಿದರೆ ಕಚ್ಚುವ ಹೆಣ್ಣುಗಳೇ ಕಡಿಮೆಯಾಗಿ ಜ್ವರವೂ ಇಳಿದೀತು ಎಂಬುದು ಲೆಕ್ಕ. ಅಲ್ಲಿಯವರು ಒಪ್ಪಿದರೆ ಮಾತ್ರ ಅಲ್ಲಿ ಸೊಳ್ಳೆ ಬಿಡುವುದು ಎಂದು ಸಂಸ್ಥೆ ಮಾತು ಕೊಟ್ಟಿತ್ತು. ಆರು ವಾರದ ಹಿಂದೆ, ನಡುಮಳೆಗಾಲದಲ್ಲಿ, ಅವನು ಸಾಮಾನ್ಯ ಪಂಜರದಿಂದ ಸ್ವಲ್ಪ ಸೊಳ್ಳೆಗಳನ್ನು ಚಿಕ್ಕ ಪಂಜರಕ್ಕೆ ಹಾಕಿಸಿಕೊಂಡು ಹೋಗಿದ್ದ, ಗಂಡು ಯಾವುದು ಹೆಣ್ಣು ಯಾವುದು ತೋರಿಸಲು. ಅತ್ತಿಗೆಯೂ ಜೊತೆಗಿದ್ದಳು.

ಅವನ ವಿವರಣೆ ಚೆನ್ನಾಗಿಯೇ ಇತ್ತು. "ನೋಡಿ, ಪ್ರತಿ ಜೀವಕ್ಕೂ ಎರಡು ಪುಸ್ತಕ. ಒಂದು ಅಮ್ಮಂದು, ಒಂದು ಅಪ್ಪಂದು. ಮಗುಗೆ ಕೊಡುವಾಗ ಪ್ರತಿ ಪುಟಕ್ಕೂ ಚೀಟಿ ಎತ್ತಿದ ಹಾಗೆ, ಎರಡರಲ್ಲಿ ಒಂದು ಹೋಗತ್ತೆ. ನಮ್ಮ ಪುಟ ಇದೆಯಲ್ಲ, ಅದು ಕೈಯಲ್ಲಿ ಕತ್ತರಿ ಹಿಡ್ಕೊಂಡೇ ಬರತ್ತೆ. ಪಕ್ಕದ ಪುಸ್ತಕದಲ್ಲಿ ಅದೇ ಪುಟ ಹುಡುಕಿ ಕತ್ತರಿಸತ್ತೆ. ಜೀವಕೋಶಕ್ಕೆ ಗಾಬರಿ. ಹರಿದದ್ದನ್ನ ಸರಿ ಮಾಡ್ಬೇಕು, ಯಾವುದನ್ನ ನೋಡಿ ಮಾಡೋದು? ಹರಿಯದೆ ಇರೋ ಪುಸ್ತಕ ನೋಡಿ ನಕಲು ಮಾಡತ್ತೆ. ಕತ್ತರಿ ಸಮೇತ! ಈಗ ಎರಡರಲ್ಲೂ ನಮ್ಮದೇ ಪುಟ. ಯಾವ ಚೀಟಿ ಎತ್ತಿದರೂ ನಾವೇ."

"ಹೊಸ ಸೊಸೆ ಬಂದು ಡಬ್ಬಿಗಳ ಮೇಲೆಲ್ಲ ತನ್ನ ಹೆಸರು ಬರೆದ ಹಾಗೆ" ಎಂದಳು ಒಬ್ಬ ಅಜ್ಜಿ. ಎಲ್ಲರೂ ನಕ್ಕರು, ಪಕ್ಕದಲ್ಲೇ ಕೂತಿದ್ದ ಅಜ್ಜಿಯ ಸೊಸೆಯೊಬ್ಬಳನ್ನು ಬಿಟ್ಟು.

"ತಪ್ಪೋದೇ ಇಲ್ವಾ?" ಎಂದು ಕೇಳಿದವಳು ಜ್ವರದಕ್ಕ. ಮನೆಮನೆಗೆ ಹೋಗಿ ಬೆರಳು ಚುಚ್ಚಿ ಮಲೇರಿಯ ಪರೀಕ್ಷೆ ಮಾಡುವ ಆರೋಗ್ಯ ಕಾರ್ಯಕರ್ತೆ. ಬೆರಳು ಚುಚ್ಚಿಸಿಕೊಂಡ ಮಕ್ಕಳು ಇಟ್ಟ ಹೆಸರದು.

"ತಪ್ಪತ್ತೆ" ಎಂದಳು ಅತ್ತಿಗೆ. "ಕೆಲವು ಸಲ ಜೀವಕೋಶ ನಕಲು ಮಾಡಲ್ಲ, ಹರಿದ ತುದಿಗಳನ್ನ ಹೇಗೋ ಹೊಲಿದುಬಿಡತ್ತೆ. ಆಗ ಕತ್ತರಿಗೆ ಆ ಪುಟ ಗುರುತು ಸಿಗಲ್ಲ. ಅಂಥವು ಜಾಸ್ತಿ ಆದ್ರೆ ನಮ್ಮ ಕೆಲಸ ನೀರಲ್ಲಿ ಹೋಮ."

"ಮತ್ತೆ ಅದು ನದಿ ದಾಟಿದ್ರೆ? ಆ ದಂಡೆಯೋರನ್ನ ಕೇಳಿದೋರು ಯಾರು?"

"ಅದಕ್ಕೇ ಅಲ್ಲೂ ಹೋಗ್ತಿದ್ದೀವಿ."

"ಬಿಟ್ಟ ಮೇಲೆ ಬೇಡ ಅನ್ನಿಸಿದ್ರೆ ವಾಪಸ್ ಕರೆಸೋಕಾಗತ್ತಾ?"

"ಸದ್ಯಕ್ಕೆ ಆಗಲ್ಲ" ಎಂದಳು ಅತ್ತಿಗೆ. ಸೊಳ್ಳೆ ತಿನ್ನುವ ಮೀನು, ಹಕ್ಕಿಗಳ ಗತಿಯೇನು ಎಂದೊಬ್ಬ ಅಂಬಿಗ ಕೇಳಿದ. ಈ ಒಂದೇ ಜಾತಿಯನ್ನು ನಂಬಿ ಬದುಕುವ ಪ್ರಾಣಿ ಗೊತ್ತಿದ್ದಂತೆ ಯಾವುದೂ ಇಲ್ಲ, ಆದರೆ ಇದು ಖಾಲಿ ಮಾಡಿದ ಜಾಗಕ್ಕೆ ಬೇರೆ ಸೊಳ್ಳೆ ಬಂದೀತೇ ಎಂಬುದಕ್ಕೆ ಯಾರ ಬಳಿಯೂ ಪೂರ್ತಿ ಉತ್ತರವಿಲ್ಲ ಎಂದಳು.

ಮೈದುನನಿಗೆ ಸಭೆ ತಣ್ಣಗಾಗುತ್ತಿದೆ ಎನ್ನಿಸಿತು. "ನೀವು ಹೂಂ ಅನ್ನೋವರೆಗೆ ಒಂದು ಸೊಳ್ಳೆನೂ ಹೊರಗೆ ಬರಲ್ಲ! ನಮ್ಮತ್ತಿಗೆ ಕಣ್ತಪ್ಪಿಸಿ ನಮ್ಮಣ್ಣನಿಗೇ ಮನೆಯಿಂದ ಹೊರಗೆ ಬೀಳೋಕಾಗಲ್ಲ, ಇನ್ನು ಸೊಳ್ಳೆ!" ಎಂದು ಕೈ ಬೀಸಿದ. ಕೈ ಆಡಿಸದೆ ಮಾತಾಡಿದರೆ ಅವನ ನಾಲಿಗೆ ಹೊರಳದು. ಬೀಸಿದ ಕೈಗೆ ಬೆಂಚಿನ ಮೇಲಿದ್ದ ಚಿಕ್ಕ ಪಂಜರ ತಗಲಿ ಉರುಳಿತು, ಬಲೆ ಜಾರಿತು. ಹತ್ತೋ ಹದಿನೈದೋ ಹಾರಿಹೋದವು. ಅವು ಇಲ್ಲಿಯವೇ, ತಿದ್ದಿದವಲ್ಲ ಎಂದು ಅತ್ತಿಗೆಯೇ ಹೇಳಿದಳು. "ತವರಿಗೆ ಬಂದಿವೆ ಬಿಡಿ" ಎಂದು ಜನ ನಕ್ಕರು.

ಈಗ ಸ್ಟೂಲಿನ ಮೇಲೆ ಕೂತು ಆಕೆ ಲೆಕ್ಕ ಹಾಕಿದಳು. ಆ ಹೊತ್ತಿಗೆ ಪಂಜರದ ಎಂಟು ಸೊಳ್ಳೆಯಲ್ಲಿ ಒಂದಕ್ಕಾದರೂ ಡ್ರೈವ್ ಇದ್ದಿರಬೇಕು. ಹಾರಿದವುಗಳಲ್ಲಿ ಒಂದೋ ಎರಡೋ.

ನಿರ್ದೇಶಕರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಅತ್ತಿಗೆ ಹೇಳಿದ್ದನ್ನು ಮಧ್ಯೆ ಬಾಯಿ ಹಾಕದೆ ಕೇಳಿದರು. ಪಂಜರವನ್ನು ಆಗಲೇ ಕೊಲ್ಲಿಸಿದರು, ಸುರಕ್ಷತಾ ಸಮಿತಿಗೆ ತಾವೇ ಫೋನ್ ಮಾಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಪಂಜರದಲ್ಲಿ ಬೆಳೆದ ಸೊಳ್ಳೆ ಮೆತ್ತಗಿರತ್ತೆ. ಕೂಡೋ ಮೊದಲೇ ಯಾವುದೋ ಜೇಡನ ಬಾಯಿಗೆ ಬಿದ್ದಿರತ್ತೆ. ಹೆಚ್ಚಿನಂಶ ಏನೂ ಆಗಿರಲ್ಲ."

"ಹೆಚ್ಚಿನಂಶ ಹೌದು ಸರ್."

"ಹಾಗಾದ್ರೆ ಮೊದಲು ಹುಡುಕೋಣ. ಪ್ರತಿ ವರ್ಷದ ಸಮೀಕ್ಷೆ ಅಂತ ಹೇಳಿ ಬಲೆ ಹಾಕಿಸಿ. ಸಿಕ್ಕಿದ್ರೆ ಹೇಳೋಣ. ಸಿಗದೇ ಇದ್ರೆ ಸುಮ್ಮನೆ ಯಾಕೆ ಗಾಬರಿ ಹುಟ್ಟಿಸೋದು? ಮುಂದಿನ ವಾರ ಅವರು ಹೂಂ ಅನ್ನೋರಿದ್ದಾರೆ. ಆ ಜ್ವರದಕ್ಕ ಮನೆಮನೆಗೆ ಹೋಗಿ ಒಪ್ಪಿಸಿದ್ದಾಳಂತೆ."

ಅತ್ತಿಗೆಗೆ ಅದು ಗೊತ್ತಿತ್ತು. ತಕರಾರಿನ ಪ್ರಶ್ನೆಗಳನ್ನೆಲ್ಲ ಕೇಳಿದವಳೇ, ಉತ್ತರ ಸಿಕ್ಕಷ್ಟನ್ನು ತೂಗಿ ನೋಡಿ, ಕೊನೆಗೆ ಪರವಾಗಿ ನಿಂತಿದ್ದಳು. ಅವಳ ಮಗಳು ಎರಡು ವರ್ಷದ ಹಿಂದೆ ಇದೇ ಜ್ವರದಲ್ಲಿ ತೀರಿಕೊಂಡಿದ್ದಳು, ಮೊಮ್ಮಗು ಅವಳ ಮಡಿಲಲ್ಲೇ ಬೆಳೆಯುತ್ತಿತ್ತು. ಅವಳ ಹೂಂ ಎಂದರೆ ಬಡಾವಣೆಯ ಹೂಂ. ಅದು ಸಿಗದಿದ್ದರೆ ಐದು ವರ್ಷದ ಕೆಲಸ ಅಲ್ಲೇ ನಿಲ್ಲುತ್ತದೆ. ಅತ್ತಿಗೆಗೆ ಆ ಹೂಂ ಬೇಕಿತ್ತು, ಮೈಯೆಲ್ಲ ಹಸಿದ ಹಾಗೆ ಬೇಕಿತ್ತು.

"ಸರ್, ಲಕ್ಷಾಂತರ ಸೊಳ್ಳೆಯಲ್ಲಿ ಇವತ್ತು ನಾಲ್ಕೋ ಎಂಟೋ ಇದ್ರೆ ನಮ್ಮ ಬಲೆಗೆ ಸಿಗಲ್ಲ. ಸುಲಭವಾಗಿ ಸಿಗೋ ಹೊತ್ತಿಗೆ ಅದು ಆ ದಂಡೆಯಲ್ಲಿರತ್ತೆ. ಸಿಗಲಿಲ್ಲ ಅನ್ನೋದನ್ನ ಇಲ್ಲ ಅಂತ ಮಾಡ್ಕೊಂಡು ಅವರ ಹೂಂ ತಗೊಳ್ಳೋದಾ?"

ದೊಡ್ಡವರು ಕನ್ನಡಕವನ್ನು ಮತ್ತೆ ಒರೆಸಿದರು. "ಹೇಳಿದ್ರೆ ಯೋಜನೆ ಹೋಗತ್ತೆ. ಇಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ. ಯೋಚನೆ ಮಾಡಿ. ನಾನು ತಡೆಯಲ್ಲ, ಆದರೆ ಹೇಳಿ ಅಂತಲೂ ಹೇಳಲ್ಲ" ಎಂದರು.

ಮನೆಯಲ್ಲಿ ಮೈದುನ ವಿಷಯ ಕೇಳಿ ಮೊದಲ ಸಲ ಕೈ ಆಡಿಸದೆ ಕೂತ. ಅತ್ತಿಗೆಯ ಗಂಡ ಮೂರು ಲೋಟ ಟೀ ತಂದಿಟ್ಟು, ಇಬ್ಬರ ಮುಖ ನೋಡಿ, ತನ್ನ ಲೋಟದೊಂದಿಗೆ ಮೆಲ್ಲನೆ ಒಳಗೆ ಹೋದ. ಅವನಷ್ಟು ಬುದ್ಧಿವಂತ ಆ ಮನೆಯಲ್ಲಿ ಇನ್ನೊಬ್ಬನಿಲ್ಲ.

"ಪಂಜರ ಬೀಳಿಸಿದ್ದು ನಾನು ಅತ್ತಿಗೆ. ನಾನೇ ಹೋಗಿ ಹೇಳ್ತೀನಿ."

"ನೀನು ಬೀಳಿಸಿದ್ದು ಸಾಮಾನ್ಯ ಸೊಳ್ಳೆ ಪಂಜರ. ಅದನ್ನ ಸಾಮಾನ್ಯ ಅಲ್ಲದ ಹಾಗೆ ಮಾಡಿದ್ದು ನಾನು."

"ಒಂದು ಸೊಳ್ಳೆನೂ ಹೊರಗೆ ಬರಲ್ಲ ಅಂತ ನಿಮ್ಮ ಮೇಲೆ ಆಣೆ ಇಟ್ಟ ಹಾಗೆ ಹೇಳಿದ್ನಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂದು ಅವನು ಟೀ ಲೋಟವನ್ನು ತಿರುಗಿಸಿದ. "ಹೇಳದೆ ಇದ್ರೆ?"

ಹೇಳದೆ ಇದ್ದರೆ ಏನೂ ಆಗದಿರುವ ಸಂಭವವೇ ಹೆಚ್ಚು ಎಂದು ಅತ್ತಿಗೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಮತ್ತು ಅದೇ ಆಕೆಯನ್ನು ಹೆಚ್ಚು ಹೆದರಿಸಿತು. ಮರುದಿನ ಇಬ್ಬರೂ ಹೊರಟರು.

ಬಡಾವಣೆಯ ಶಾಲೆಯ ಕೋಣೆಯಲ್ಲಿ ಜನ ಸೇರಿದರು. ವಾರ ಮೊದಲೇ ಯಾಕೆ ಕರೆದರೆಂದು ಗುಸುಗುಸು. ಅತ್ತಿಗೆ ನಿಂತು ಏಸಿ ಕೆಟ್ಟದ್ದರಿಂದ ಹಿಡಿದು ಕೆಂಪು ಕಣ್ಣುಗಳವರೆಗೆ ಹೇಳಿದಳು. ಪಂಜರ ಹೊರಗೆ ತಂದವಳು ತಾನು ಎಂದಳು. ಸುತ್ತಿ ಬಳಸಿ ಹೇಳಲು ಆಕೆಗೆ ಬರುತ್ತಿರಲಿಲ್ಲ, ಆ ದಿನ ಬಂದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಮೊದಲು ಗದ್ದಲ. ಇಟ್ಟಿಗೆ ಗೂಡಿನ ಮೇಸ್ತ್ರಿಗೆ ಖುಷಿಯೇ ಆಯಿತು. "ಬಂದಿದ್ರೆ ಒಳ್ಳೇದೇ ಆಯ್ತಲ್ಲ! ಹೇಗೂ ಬಿಡೋರಿದ್ರಿ. ನಮ್ಮ ಮಕ್ಕಳು ಬದುಕಿಕೊಳ್ತವೆ." ಅಂಬಿಗ ಎದ್ದು ನಿಂತ. "ಆ ದಂಡೆಯಲ್ಲಿ ನನ್ನ ತಂಗಿ ಮನೆ ಇದೆ. ಅವಳಿಗೆ ನಾನೇನು ಹೇಳ್ಲಿ? ನೆಂಟರ ಜೊತೆ ಸೊಳ್ಳೆನೂ ಕಳಿಸಿದೀವಿ ಅಂತಲಾ?" ಮೂಲೆಯಿಂದ ಯಾರೋ, ಇವರು ಬೇಕಂತಲೇ ಬಿಟ್ಟು ಈಗ ನಾಟಕ ಆಡುತ್ತಿದ್ದಾರೆ ಎಂದರು. ಅದು ಅತ್ತಿಗೆಗೆ ನಾಟಿತು.

ಜ್ವರದಕ್ಕ ಎಲ್ಲ ಮುಗಿಯುವವರೆಗೆ ಕೂತಿದ್ದಳು.

"ಮೇಡಂ, ನೀವು ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ನಾನು ಮುಂದಿನ ವಾರ ಹೂಂ ಅನ್ನೋಳಿದ್ದೆ."

"ಗೊತ್ತು."

"ಅರವತ್ತು ಮನೆ ಸುತ್ತಿದೀನಿ. ನಿಮಗೆ ಬೇಡ ಅಂದ್ರೆ ಅವರು ಬಿಡಲ್ಲ, ನಮ್ಮ ಕೈಲಿದೆ ಅಂತ ಹೇಳಿದೀನಿ. ಬೇಡ ಅಂದ್ರೂ ಬರತ್ತೆ ಅಂತಾದ್ರೆ, ನಾನು ಅನ್ನೋ ಹೂಂಗೆ ಏನು ಬೆಲೆ?" ಧ್ವನಿ ಏರಲಿಲ್ಲ. ಮಕ್ಕಳ ಬೆರಳು ಹಿಡಿಯುವಾಗಿನ ಧ್ವನಿಯೇ. "ನಿಮ್ಮ ಸೊಳ್ಳೆ ಕೆಟ್ಟದ್ದು ಅಂತಲ್ಲ. ನೀವು ಕೆಟ್ಟವರು ಅಂತಲೂ ಅಲ್ಲ. ಬಾಗಿಲ ಮೇಲೆ ಬಾಗಿಲು ಹಾಕಿದೀವಿ ಅಂದ್ರಿ. ಬಾಗಿಲು ತೆಗೆದೋರೂ ನೀವೇ. ಹಾಗಿರುವಾಗ ನಾನು ಬೇಡ ಅಂತೀನಿ. ಹುಡುಕಿ, ಇದ್ರೆ ಕೊಲ್ಲಿ. ಹುಡುಕೋಕೆ ನಾನೂ ಬರ್ತೀನಿ. ಯಾವ ಗುಂಡಿಲಿ ನೀರು ನಿಲ್ಲತ್ತೆ ಅಂತ ನಿಮಗಿಂತ ಚೆನ್ನಾಗಿ ಗೊತ್ತು."

ಮೇಸ್ತ್ರಿ ಏನೋ ಹೇಳಹೊರಟ. ಅವಳು ಅವನ ಕಡೆ ಬರೀ ನೋಡಿದಳು. ಈ ಜ್ವರಕ್ಕೆ ಅವಳಿಗಿಂತ ದೊಡ್ಡ ಬೆಲೆ ತೆತ್ತವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಯಾರೂ ಎದುರಾಡಲಿಲ್ಲ.

ಹುಡುಕಿದರು. ಎರಡೂ ದಂಡೆಯಲ್ಲಿ, ಹಗಲೆಲ್ಲ, ಮಳೆಗಾಲದ ನೀರು ಇಂಗಿಹೋಗುವವರೆಗೂ. ಸೌಟಿನಲ್ಲಿ ಮರಿ ಮೊಗೆದರು, ಮನೆಗಳ ಗೋಡೆಯಿಂದ ಕೊಳವೆಯಲ್ಲಿ ಸೊಳ್ಳೆ ಹೀರಿದರು, ರಾಶಿಗಟ್ಟಲೆ ಅರೆದು ಅದರಲ್ಲಿ ಆ ಜೀನ್ ಇದೆಯೇ ಎಂದು ಪರೀಕ್ಷಿಸಿದರು. ಗುಂಡಿಗಳಿಗೆ ಮರಿ ಕೊಲ್ಲುವ ಮದ್ದು ಹಾಕಿದರು. ಮೈದುನ ಮನೆಮನೆಗೆ ಹೋಗಿ ಬೈಸಿಕೊಂಡು ಬಂದ. ಅತ್ತಿಗೆಯನ್ನು ಸಮಿತಿಯವರು ಸೊಳ್ಳೆಮನೆಯ ಜವಾಬ್ದಾರಿಯಿಂದ ತೆಗೆದು, ಹುಡುಕುವ ಕೆಲಸಕ್ಕೆ ಮಾತ್ರ ಇಟ್ಟುಕೊಂಡರು. ಆಕೆ ಅದನ್ನು ಅನ್ಯಾಯ ಎನ್ನಲಿಲ್ಲ. ಡ್ರೈವ್ ಇರುವ ಒಂದು ಸೊಳ್ಳೆಯೂ ಸಿಗಲಿಲ್ಲ. ಮರುವರ್ಷದ ಮಳೆಗೂ ಹುಡುಕಿದರು, ಆಗಲೂ ಸಿಗಲಿಲ್ಲ. ಹಾರಿದವು ಸತ್ತುಹೋಗಿವೆ ಎಂದು ಸಮಿತಿ ತೀರ್ಮಾನಿಸಿತು. ಎಲ್ಲರೂ ಉಸಿರು ಬಿಟ್ಟರು. ಬಡಾವಣೆಯ ಉತ್ತರ ಮಾತ್ರ ಬೇಡ ಎಂಬುದೇ ಆಗಿತ್ತು.

ಜ್ವರ ಆ ವರ್ಷವೂ ಎಂದಿನಂತೆ ಬಂತು.

ಒಂದು ಮಧ್ಯಾಹ್ನ ಅತ್ತಿಗೆ ಕೊನೆಯ ಬಲೆಗಳನ್ನು ಬಿಚ್ಚಿಕೊಂಡು ಹೋಗಲು ಜ್ವರದಕ್ಕನ ಮನೆಗೆ ಬಂದಳು. ಮಂಚದ ಮೇಲೆ ಮೊಮ್ಮಗು ಮುದುಡಿ ಮಲಗಿತ್ತು. ಮೈ ಕಾದ ಹಂಚಾಗಿತ್ತು. ಜ್ವರದಕ್ಕ ಪರೀಕ್ಷೆಯ ಪಟ್ಟಿ, ಸೂಜಿ, ಹತ್ತಿ ಜೋಡಿಸಿಟ್ಟುಕೊಂಡಿದ್ದಳು. ಊರ ಮಕ್ಕಳ ಬೆರಳನ್ನೆಲ್ಲ ನಡುಗದೆ ಚುಚ್ಚಿದ ಕೈ, ಇವತ್ತು ಈ ಬೆರಳನ್ನು ಹಿಡಿಯಲಾಗದೆ ಎರಡು ಸಲ ಜಾರಿತು.

ಅತ್ತಿಗೆ ಬಲೆಗಳನ್ನು ನೆಲದ ಮೇಲಿಟ್ಟಳು. "ನಾನು ಹಿಡ್ಕೊಳ್ಳಲಾ?"

ಜ್ವರದಕ್ಕ ಜರುಗಿ ಜಾಗ ಮಾಡಿಕೊಟ್ಟಳು. ಅತ್ತಿಗೆ ಮಗುವನ್ನು ಮಡಿಲಿಗೆ ತೆಗೆದುಕೊಂಡು ಅದರ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು. ಸೂಜಿ ಚುಚ್ಚಿತು, ಮಗು ಕಿರುಚಿತು, ರಕ್ತದ ಹನಿ ಪಟ್ಟಿಯ ಮೇಲೆ ಹರಡಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಮೊದಲ ಗೆರೆ ಮೂಡಿತು. ಆಮೇಲೆ ಎರಡನೆಯದೂ ಮೂಡಿತು, ಮಲೇರಿಯವೇ.

"ನಾನು ಹೂಂ ಅಂದಿದ್ರೆ?" ಎಂದಳು ಜ್ವರದಕ್ಕ.

ಅತ್ತಿಗೆಗೆ ಸುಳ್ಳು ಹೇಳುವ ಆಸೆಯಾಯಿತು. "ಇಷ್ಟು ಬೇಗ ಕಡಿಮೆ ಆಗ್ತಿರಲಿಲ್ಲ. ಇನ್ನೆರಡು ಮೂರು ವರ್ಷಕ್ಕೆ ಆಗ್ತಿತ್ತೇನೋ" ಎಂದಳು.

"ಅಷ್ಟೊತ್ತಿಗೆ ಇವನು ಶಾಲೆಗೆ ಹೋಗ್ತಿರ್ತಾನೆ." ಜ್ವರದಕ್ಕ ಮಾತ್ರೆಯನ್ನು ಚಮಚದಲ್ಲಿ ಅರೆದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ. "ಬೇಡ ಅಂದಿದ್ದು ತಪ್ಪಾಯ್ತು ಅಂತ ನಾನು ಹೇಳಲ್ಲ ಮೇಡಂ. ನೀವೂ ಹೇಳಬೇಡಿ."

"ಹೇಳಲ್ಲ" ಎಂದಳು ಅತ್ತಿಗೆ.

"ಬಾಯಿ ತೆಗೆಸಿ ಹಿಡ್ಕೊಳ್ಳಿ. ಕಹಿ ಇದೆ, ಉಗುಳಿಬಿಡ್ತಾನೆ."

ಅತ್ತಿಗೆ ಮಗುವಿನ ಗಲ್ಲ ಹಿಡಿದಳು.